‘ಫ್ರೆಶ್ ಇದೆ’ ಅಂದರೆ ಸಾಕಾ? ಸುಶಿ ತಟ್ಟೆಯ ಮುಂದೆ ಕೇಳಬೇಕಾದ ಬೇರೆ ಪ್ರಶ್ನೆಗಳು

ಕಳೆದ ವಾರ ಓದುಗರೊಬ್ಬರು ಮೆಸೇಜ್ ಕಳಿಸಿದ್ದರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಹೆಂಡತಿಗೆ ಈಗ ಆರನೇ ತಿಂಗಳು. ಮದುವೆಯ ವಾರ್ಷಿಕೋತ್ಸವಕ್ಕೆ ಇಬ್ಬರೂ ತಮ್ಮ ಇಷ್ಟದ ಜಪಾನಿ ರೆಸ್ಟೋರೆಂಟ್‌ಗೆ ಹೋಗಬೇಕು ಅಂತ ಪ್ಲಾನ್. ಮೊದಲೇ ಫೋನ್ ಮಾಡಿ ಕೇಳಿದ್ದಾರೆ. ‘ವಾರಕ್ಕೆ ಎರಡು ಸಲ ಫ್ಲೈಟ್‌ನಲ್ಲಿ ಬರುತ್ತೆ ಸರ್, ತುಂಬಾ ಫ್ರೆಶ್’ ಎಂಬ ಉತ್ತರ ಬಂದಿದೆ. ಆದರೂ ಯಾಕೆ ರಿಸ್ಕ್ ಅಂತ ಗಂಡ ಹೆಂಡತಿ ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬಂದಿದ್ದಾರೆ: ಹಸಿ ಸಾಲ್ಮನ್ ಬೇಡ, ಅದರ ಬದಲು ಸ್ಮೋಕ್ಡ್ ಸಾಲ್ಮನ್ ರೋಲ್ ತಗೊಳ್ಳೋಣ, ಹೊಗೆ ಹಾಕಿದ್ದು ಅಂದ್ರೆ ಬೆಂದ ಹಾಗೇ ಅಲ್ವಾ? ‘ಇದು ಓಕೆನಾ ಮೇಡಂ?’ ಅನ್ನೋದು ಅವರ ಪ್ರಶ್ನೆ.

ಓಕೆ ಅಲ್ಲ. ಆ ಮೆನುವಿನಲ್ಲಿ ಗರ್ಭಿಣಿಗೆ ಬೇಡ ಅಂತ ನಾನು ಮೊದಲು ಗೀಟು ಹಾಕುವುದು ಆ ಸ್ಮೋಕ್ಡ್ ಸಾಲ್ಮನ್ ರೋಲ್‌ಗೇ. ಹಸಿ ಸಾಲ್ಮನ್‌ನದು ಅದರ ನಂತರದ ಸರದಿ.

ಹೊಸ ಓದುಗರಿಗೆ ಒಂದು ಮಾತು. ನನ್ನ ಕೆಲಸ ಮಂಗಳೂರಿನಲ್ಲಿ, ಮೀನು ರಫ್ತು ಮಾಡುವ ಘಟಕವೊಂದರ ಲ್ಯಾಬ್‌ನಲ್ಲಿ. ಮೀನಿನ ಚೂರು, ಚಾಕು, ಮಣೆ, ನೆಲದ ಚರಂಡಿಯ ಬಾಯಿ ಎಲ್ಲದರಿಂದಲೂ ಸ್ಯಾಂಪಲ್ ತೆಗೆದು ಯಾವ ಸೂಕ್ಷ್ಮಜೀವಿ ಇದೆ ಅಂತ ಹುಡುಕುವುದೇ ದಿನದ ಕಸುಬು. ಹಾಗಾಗಿ ‘ಫ್ರೆಶ್’ ಅನ್ನುವ ಶಬ್ದ ಕೇಳಿದ ತಕ್ಷಣ ‘ಯಾವುದರ ಲೆಕ್ಕದಲ್ಲಿ?’ ಅಂತ ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ಮನೆಯವರಿಗೆ ಇದು ಸಾಕಾಗಿದೆ, ಅದು ಬೇರೆ ವಿಷಯ.

ನಮ್ಮ ಭಾಷೆಯಲ್ಲೇ ಒಂದು ತಮಾಷೆ ಇದೆ ನೋಡಿ. ಕರಾವಳಿಯಲ್ಲಿ ‘ಹಸಿ ಮೀನು’ ಅಂದರೆ ಒಣಮೀನಲ್ಲದ್ದು, ಇವತ್ತು ಬಂದ ತಾಜಾ ಮೀನು. ಅದೇ ‘ಹಸಿ ತಿಂದ’ ಅಂದರೆ ಬೇಯಿಸದೆ ತಿಂದ ಅಂತ. ತಾಜಾ, ಬೇಯದ್ದು, ಎರಡಕ್ಕೂ ಒಂದೇ ಪದ. ನಮ್ಮಲ್ಲಿ ಇದರಿಂದ ತೊಂದರೆ ಆಗಿಲ್ಲ, ಯಾಕೆಂದರೆ ಹಸಿ ಬಂಗುಡೆ ತಂದರೂ ಅದು ಕೊನೆಗೆ ಸೇರುವುದು ಕುದಿಯುವ ಸಾರಿಗೆ ಅಥವಾ ಕಾದ ಕಾವಲಿಗೆ. ಸುಶಿ ತಟ್ಟೆಯ ಮುಂದೆ ಕೂತಾಗ ಮಾತ್ರ ಎರಡು ಅರ್ಥಗಳನ್ನೂ ಬೇರೆ ಬೇರೆ ಮಾಡಲೇಬೇಕು.

ಮಾರ್ಕೆಟ್‌ನಲ್ಲಿ ಅಮ್ಮಂದಿರು ಮೀನು ನೋಡುವ ರೀತಿ ನಿಮಗೆ ಗೊತ್ತು. ಕಿವಿರು ಎತ್ತಿ ಕೆಂಪಗಿದೆಯಾ ನೋಡುತ್ತಾರೆ, ಕಣ್ಣು ಉಬ್ಬಿ ಹೊಳೀತಿದೆಯಾ ನೋಡುತ್ತಾರೆ, ಬೆರಳಲ್ಲಿ ಒತ್ತಿದರೆ ಮಾಂಸ ವಾಪಸ್ ಬರುತ್ತಾ ಅಂತ ಪರೀಕ್ಷೆ ಮಾಡುತ್ತಾರೆ. ಇದೆಲ್ಲ ಅಪ್ಪಟ ಸತ್ಯದ ಪರೀಕ್ಷೆಗಳೇ. ಆದರೆ ಇವು ಹೇಳುವುದು ಒಂದೇ ವಿಷಯ: ಮೀನು ಕೊಳೆಯಲು ಶುರುವಾಗಿದೆಯೋ ಇಲ್ಲವೋ. ಕೊಳೆಸುವ ಬ್ಯಾಕ್ಟೀರಿಯಾ ವಾಸನೆ ಬರಿಸುತ್ತೆ, ಲೋಳೆ ಮಾಡುತ್ತೆ, ಬಣ್ಣ ಕೆಡಿಸುತ್ತೆ. ಕಾಯಿಲೆ ತರುವ ಬ್ಯಾಕ್ಟೀರಿಯಾಕ್ಕೆ ಅಂಥ ಯಾವ ಅಗತ್ಯವೂ ಇಲ್ಲ. ಅದು ಇದ್ದರೂ ಮೀನು ಘಮಘಮ ಅನ್ನುತ್ತಲೇ ಇರಬಹುದು. ಇನ್ನು ಮೀನಿನೊಳಗಿನ ಹುಳು ಮೀನು ಈಜುತ್ತಿದ್ದಾಗಲೇ ಅಲ್ಲಿತ್ತು. ಅದರ ಮಟ್ಟಿಗೆ ಮೀನು ತಾಜಾ ಆದಷ್ಟೂ ಅದೂ ತಾಜಾ.

ಈ ಹುಳುವಿನಿಂದಲೇ ಶುರುಮಾಡೋಣ, ಯಾಕೆಂದರೆ ಇದಕ್ಕೆ ಒಳ್ಳೆಯ ಪರಿಹಾರ ಇದೆ.

ಹೆಸರು ಅನಿಸಾಕಿಸ್. ದೊಡ್ಡದಾಗಿ ಬೆಳೆದ ಹುಳು ಇರುವುದು ತಿಮಿಂಗಿಲ, ಡಾಲ್ಫಿನ್‌ಗಳ ಹೊಟ್ಟೆಯಲ್ಲಿ. ಮೊಟ್ಟೆ ಸಮುದ್ರಕ್ಕೆ ಬಿದ್ದು, ಮರಿಯಾಗಿ, ಸಣ್ಣ ಸಿಗಡಿಯಂಥ ಜೀವಿಗಳ ಒಳಗೆ ಸೇರಿ, ಅವನ್ನು ತಿಂದ ಮೀನಿನ ಒಳಗೆ ಬರುತ್ತದೆ. ಬಂಗುಡೆಯ ಜಾತಿಯ ಮೀನುಗಳು, ಹೆರಿಂಗ್, ಕಾಡ್, ಕಾಡು ಸಾಲ್ಮನ್, ಸ್ಕ್ವಿಡ್ ಇವುಗಳಲ್ಲೆಲ್ಲ ಸಿಗುತ್ತದೆ. ಎರಡು ಮೂರು ಸೆಂಟಿಮೀಟರ್ ಉದ್ದದ ಬಿಳಿ ದಾರದ ತುಂಡು ಸುರುಳಿ ಸುತ್ತಿಕೊಂಡ ಹಾಗೆ ಕಾಣುತ್ತದೆ. ಜೀವಂತ ಹುಳು ನಮ್ಮ ಹೊಟ್ಟೆ ಸೇರಿದರೆ ಜಠರದ ಗೋಡೆಗೆ ಕೊರೆಯಲು ನೋಡುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾಗದ ನೋವು, ವಾಂತಿ. ಡಾಕ್ಟರು ಎಂಡೋಸ್ಕೋಪ್ ಇಳಿಸಿ ಹುಳುವನ್ನು ಹಿಡಿದು ಹೊರಗೆಳೆದರೆ ನೋವು ಸಾಮಾನ್ಯವಾಗಿ ಬೇಗ ಇಳಿಯುತ್ತದೆ.

ಜಪಾನಿನಲ್ಲಿ ‘ಶಿಮೆ ಸಾಬಾ’ ಅಂತ ಒಂದು ತಿನಿಸಿದೆ. ಬಂಗುಡೆಯ ಬಳಗದ ಮೀನನ್ನು ಉಪ್ಪಿನಲ್ಲಿಟ್ಟು, ಆಮೇಲೆ ವಿನೆಗರ್‌ನಲ್ಲಿ ಅದ್ದಿ, ಅನ್ನದ ಮೇಲಿಟ್ಟು ಕೊಡುತ್ತಾರೆ. ವಿನೆಗರ್ ತಾಗಿದ ಮಾಂಸ ಬೆಂದ ಹಾಗೆ ಬೆಳ್ಳಗಾಗುತ್ತದೆ. ಪೆರು ದೇಶದ ಸೆವಿಚೆಯಲ್ಲಿ ನಿಂಬೆರಸ ಮಾಡುವುದೂ ಅದನ್ನೇ. ನೋಡಲು ಬೆಂದಿದೆ, ಆದರೆ ಒಳಗಿನ ಹುಳುವಿಗೆ ವಿನೆಗರ್ ಆಗಲಿ, ಈ ಮಟ್ಟದ ಉಪ್ಪಾಗಲಿ, ಸೋಯಾ ಸಾಸ್, ವಸಾಬಿ ಆಗಲಿ ಏನೂ ಮಾಡುವುದಿಲ್ಲ. ಜಪಾನಿನ ಆರೋಗ್ಯ ಇಲಾಖೆ ಜನರಿಗೆ ಇದನ್ನು ಸ್ಪಷ್ಟವಾಗೇ ಹೇಳುತ್ತದೆ.

ಹುಳುವನ್ನು ಕೊಲ್ಲುವುದು ಎರಡೇ: ಬೆಂಕಿ ಮತ್ತು ಗಟ್ಟಿ ಚಳಿ. ಇದನ್ನು ಕಾನೂನಾಗಿ ಮಾಡಿ ತೋರಿಸಿದ್ದು ನೆದರ್ಲೆಂಡ್ಸ್. ಅಲ್ಲಿ ಸ್ವಲ್ಪವೇ ಉಪ್ಪು ಹಾಕಿದ ಹೆರಿಂಗ್ ಮೀನನ್ನು ಬೇಯಿಸದೆ ತಿನ್ನುವುದು ಹಳೆಯ ರೂಢಿ. ಅದನ್ನು ತಿಂದವರಿಗೆ ಬರುತ್ತಿದ್ದ ಹೊಟ್ಟೆನೋವಿಗೆ ಈ ಹುಳುವೇ ಕಾರಣ ಅಂತ 1960ರಲ್ಲಿ ಅಲ್ಲಿನ ವಿಜ್ಞಾನಿಗಳು ಬರೆದರು. 1968ರಲ್ಲಿ, ಹೆರಿಂಗನ್ನು ಮೊದಲು ಫ್ರೀಝ್ ಮಾಡಲೇಬೇಕು ಎಂಬ ನಿಯಮ ಬಂತು. ಜನ ಇವತ್ತಿಗೂ ಅದನ್ನು ಬೇಯಿಸದೆಯೇ ತಿನ್ನುತ್ತಾರೆ, ಕಾಯಿಲೆ ಮಾತ್ರ ಬಹುಪಾಲು ಹೋಯಿತು. ಜಪಾನಿನ ಹೊಕ್ಕೈಡೋದ ಐನು ಜನರಲ್ಲಿ ಸಾಲ್ಮನ್ ಮೀನನ್ನು ಚಳಿಗಾಲದ ಹಿಮದಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿಸಿ ಹೆರೆದು ತಿನ್ನುವ ‘ರುಯಿಬೆ’ ಎಂಬ ತಿನಿಸಿತ್ತು. ಕಾನೂನಿನ ಅಗತ್ಯವೇ ಇಲ್ಲದೆ ಅದೇ ಕೆಲಸ!

ಈಗಿನ ಲೆಕ್ಕ ಹೀಗಿದೆ. ಅಮೆರಿಕದ ಎಫ್‌ಡಿಎ ಪ್ರಕಾರ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗೆ 7 ದಿನ ಇಡಬೇಕು. ಇಲ್ಲವೇ ಮೈನಸ್ 35ರಲ್ಲಿ ಕಲ್ಲಾಗಿಸಿ, ಅದೇ ಚಳಿಯಲ್ಲಿ 15 ಗಂಟೆ. ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಡಬ್ಬಿ ಸಾಮಾನ್ಯವಾಗಿ ಮೈನಸ್ 18ರ ಆಸುಪಾಸಿನಲ್ಲಿರುತ್ತದೆ, ಬಾಗಿಲು ತೆಗೆದಾಗೆಲ್ಲ ಅದೂ ಇಲ್ಲ. ಹಾಗಾಗಿ ‘ಮನೇಲಿ ಒಂದು ರಾತ್ರಿ ಫ್ರೀಝ್ ಮಾಡಿದ್ದೆ’ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಇದರಿಂದ ಒಂದು ವಿಚಿತ್ರ ಆಗುತ್ತೆ. ವೇಟರ್ ಬಂದು ‘ನಮ್ಮದು ಫ್ರೋಜನ್ ಅಲ್ಲ ಸರ್, ಪ್ಯೂರ್ ಫ್ರೆಶ್’ ಅಂತ ಹೆಮ್ಮೆಯಿಂದ ಹೇಳಿದರೆ, ಸಮುದ್ರದಲ್ಲಿ ಹಿಡಿದ ಮೀನಿನ ವಿಷಯದಲ್ಲಿ ಅದು ಹೆದರಬೇಕಾದ ಉತ್ತರ. ‘ಫ್ರೀಝ್ ಆಗಿ ಬಂದದ್ದು’ ಅನ್ನುವುದೇ ಒಳ್ಳೆಯ ಉತ್ತರ. ಸಾಕಿದ ಅಟ್ಲಾಂಟಿಕ್ ಸಾಲ್ಮನ್‌ಗೆ ಇದರಲ್ಲಿ ವಿನಾಯಿತಿ ಇದೆ, ಅದು ತಿನ್ನುವುದು ಕಾರ್ಖಾನೆಯಲ್ಲಿ ಮಾಡಿದ ಒಣ ಆಹಾರದ ಗುಳಿಗೆ, ಹುಳುವಿರುವ ಸಿಗಡಿ ಅಲ್ಲ. ಇವತ್ತು ಸುಶಿ ಅಂದರೆ ಎಲ್ಲರಿಗೂ ಕಿತ್ತಳೆ ಬಣ್ಣದ ಸಾಲ್ಮನ್ನೇ ನೆನಪಾಗುತ್ತೆ ಅಲ್ವಾ? ಆದರೆ ಜಪಾನಿಗರು ಹಿಂದೆ ಸಾಲ್ಮನ್ ಅನ್ನು ಸುಶಿಗೆ ಹಸಿಯಾಗಿ ಬಳಸುತ್ತಿರಲಿಲ್ಲ, ಅವರ ಸಮುದ್ರದ ಸಾಲ್ಮನ್‌ನಲ್ಲಿ ಹುಳು ಇರುತ್ತೆ ಅಂತ ಅವರಿಗೆ ಗೊತ್ತಿತ್ತು. 1980ರ ದಶಕದಲ್ಲಿ ನಾರ್ವೆಯವರು ತಮ್ಮ ಸಾಕಿದ ಸಾಲ್ಮನ್ ಹಿಡಿದುಕೊಂಡು ಹೋಗಿ, ವರ್ಷಗಟ್ಟಲೆ ಒಪ್ಪಿಸಿದ ಮೇಲೆ ಅದು ಸುಶಿ ಅನ್ನದ ಮೇಲೆ ಹತ್ತಿದ್ದು. ಇನ್ನು ‘ಸುಶಿ ಗ್ರೇಡ್’ ಅನ್ನುವ ಲೇಬಲ್ ನೋಡಿ ನಿಶ್ಚಿಂತೆ ಆಗಬೇಡಿ. ಅಮೆರಿಕದಲ್ಲೂ ಅದಕ್ಕೆ ಕಾನೂನಿನ ವ್ಯಾಖ್ಯೆ ಇಲ್ಲ. ಮಾರುವವರ ಮಾತು, ಅಷ್ಟೇ.

ಸರಿ, ಫ್ರೀಝ್ ಆಗಿ ಬಂದ ಮೀನು, ಹುಳುವಿನ ಭಯ ಹೋಯಿತು. ಹಾಗಾದರೆ ಆರು ತಿಂಗಳ ಗರ್ಭಿಣಿ ತಿನ್ನಬಹುದಾ?

ಇಲ್ಲಿ ಎರಡನೇ ಪಾತ್ರಧಾರಿ ಬರುತ್ತದೆ, ನನ್ನ ಲ್ಯಾಬಿನಲ್ಲಿ ನನಗೆ ಅತಿ ಹೆಚ್ಚು ನಿದ್ದೆಗೆಡಿಸುವ ಬ್ಯಾಕ್ಟೀರಿಯಾ: ಲಿಸ್ಟೀರಿಯಾ. ಫ್ರೀಝ್ ಮಾಡಿದರೆ ಇದು ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತದೆ. ಕರಗಿದ ಮೇಲೆ ಎದ್ದು ಕೂರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೇರೆ ಬಹಳಷ್ಟು ಬ್ಯಾಕ್ಟೀರಿಯಾಗಳು ಫ್ರಿಜ್ಜಿನಲ್ಲಿ ಬೆಳೆಯದೆ ನಿಂತುಬಿಟ್ಟರೆ, ಇದು 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಉಪ್ಪನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ. ಚಳಿ, ಉಪ್ಪು ಎರಡನ್ನೂ ತಡೆದು, ಪೈಪೋಟಿಗೆ ಬೇರೆ ಯಾರೂ ಇಲ್ಲದ ಜಾಗ ಸಿಕ್ಕರೆ ಅದಕ್ಕೆ ಹಬ್ಬ.

ಸ್ಮೋಕ್ಡ್ ಸಾಲ್ಮನ್ ಹೇಗೆ ಆಗುತ್ತೆ ನೋಡಿ. ರೆಸ್ಟೋರೆಂಟ್‌ಗಳಲ್ಲಿ ಸಿಗುವ, ತೆಳ್ಳಗೆ ರೇಷ್ಮೆಯಂತೆ ಹೊಳೆಯುವ ಸಾಲ್ಮನ್ ‘ತಣ್ಣನೆ ಹೊಗೆ’ಯದು. ಮೀನನ್ನು ಸೀಳಿ, ಉಪ್ಪು ಹಚ್ಚಿಟ್ಟು, ಒಣಗಿಸಿ, ಆಮೇಲೆ ಗಂಟೆಗಟ್ಟಲೆ ಹೊಗೆಯಲ್ಲಿ ಇಡುತ್ತಾರೆ. ಆ ಕೋಣೆಯ ಬಿಸಿ 30 ಡಿಗ್ರಿಯ ಆಸುಪಾಸು, ಹಲವು ಸಲ ಅದಕ್ಕಿಂತಲೂ ಕಡಿಮೆ. ಅಂದರೆ ಮಂಗಳೂರಿನ ಬೇಸಿಗೆ ಮಧ್ಯಾಹ್ನಕ್ಕಿಂತ ತಂಪು! ಮೀನು ಬೇಯುವುದೇ ಇಲ್ಲ. ಬೆಂದಿದ್ದರೆ ಅದು ಪದರ ಪದರವಾಗಿ ಪುಡಿಯಾಗುತ್ತಿತ್ತು, ಹಾಗೆ ಹಾಳೆಯಂತೆ ಕೊಯ್ಯಲು ಬರುತ್ತಿರಲಿಲ್ಲ. ಕಣ್ಣಲ್ಲೇ ಗುರುತಿಸಲು ಇದೇ ಸುಲಭದ ದಾರಿ. ಸ್ವೀಡನ್, ನಾರ್ವೆ ಕಡೆಯ ಗ್ರಾವ್‌ಲಾಕ್ಸ್‌ಗೆ ಹೊಗೆಯೂ ಇಲ್ಲ. ಉಪ್ಪು, ಸಕ್ಕರೆ, ಸಬ್ಬಸಿಗೆ ಸೊಪ್ಪು ಹಚ್ಚಿ ಎರಡು ಮೂರು ದಿನ ಫ್ರಿಜ್ಜಿನಲ್ಲಿ ಇಟ್ಟರೆ ಆಯಿತು.

ಆಮೇಲೆ ಅದನ್ನು ಯಂತ್ರದಲ್ಲಿ ತೆಳ್ಳಗೆ ಕೊಯ್ದು, ಗಾಳಿ ತೆಗೆದು ಪ್ಯಾಕ್ ಮಾಡಿ, ವಾರಗಟ್ಟಲೆ ಫ್ರಿಜ್ಜಿನಲ್ಲಿ ಇಡುತ್ತಾರೆ. ಲಿಸ್ಟೀರಿಯಾ ಹೆಚ್ಚಾಗಿ ಸೇರಿಕೊಳ್ಳುವುದು ಇಲ್ಲೇ. ಒದ್ದೆಯಾದ ತಣ್ಣನೆಯ ಕೋಣೆ, ನೆಲದ ಚರಂಡಿ, ಕೊಯ್ಯುವ ಯಂತ್ರದ ಬ್ಲೇಡಿನ ಹಿಂದಿನ ಸಂದು ಇವು ಅದರ ಮನೆ. ಒಮ್ಮೆ ಮನೆ ಮಾಡಿದರೆ ತೊಳೆದರೂ ವರ್ಷಗಟ್ಟಲೆ ಬಿಡದು. ನಾವು ಸ್ವ್ಯಾಬ್ ಹಿಡಿದು ಮಂಡಿಯೂರಿ ಚರಂಡಿಯ ಜಾಲರಿ ಉಜ್ಜುವುದು ಇದಕ್ಕೇ. ಸುಲಭದ ಲೆಕ್ಕ ಹಾಕಿ: ಎರಡು ದಿನಕ್ಕೊಮ್ಮೆ ಸಂಖ್ಯೆ ದುಪ್ಪಟ್ಟಾಗುತ್ತದೆ ಅಂತ ಇಟ್ಟುಕೊಂಡರೂ 20 ದಿನದಲ್ಲಿ ಹತ್ತು ಸಲ ದುಪ್ಪಟ್ಟು, ಒಂದಿದ್ದದ್ದು ಸಾವಿರ ದಾಟುತ್ತದೆ. ವಾಸನೆ ಇಲ್ಲ, ಲೋಳೆ ಇಲ್ಲ, ಎಕ್ಸ್‌ಪೈರಿ ಡೇಟೂ ದಾಟಿಲ್ಲ. ಹಸಿ ಸಾಲ್ಮನ್ ತುಂಡಿನ ಮೇಲೂ ಲಿಸ್ಟೀರಿಯಾ ಇರಬಹುದು. ಆದರೆ ಅದನ್ನು ಕೊಯ್ದು ಕೂಡಲೇ ನಿಮ್ಮ ಮುಂದೆ ಇಡುತ್ತಾರೆ, ಬೆಳೆಯಲು ಅದಕ್ಕೆ ಅಷ್ಟು ಪುರುಸೊತ್ತು ಸಿಕ್ಕಿರುವುದಿಲ್ಲ. ಸ್ಮೋಕ್ಡ್ ಸಾಲ್ಮನ್ ಮೇಲೆ ಅದಕ್ಕೆ ವಾರಗಟ್ಟಲೆ ಪುರುಸೊತ್ತು. ನಾನು ಮೊದಲ ಗೀಟು ಅಲ್ಲಿ ಹಾಕಿದ್ದಕ್ಕೆ ಕಾರಣ ಇದು. ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆಯೂ ಹೊಗೆ ಮೀನಿಗೆ ಸಂಬಂಧಿಸಿದ ಲಿಸ್ಟೀರಿಯಾ ಪ್ರಕರಣಗಳ ನಂತರ 2022ರಲ್ಲಿ ಗರ್ಭಿಣಿಯರಿಗೆ ಇದನ್ನೇ ಹೇಳಿತು: ಹಬೆಯಾಡುವಷ್ಟು ಬಿಸಿ ಮಾಡದೆ ತಿನ್ನಬೇಡಿ.

ಆರೋಗ್ಯವಂತರು ಲಿಸ್ಟೀರಿಯಾ ತಿಂದರೆ ಬಹಳ ಸಲ ಗೊತ್ತೇ ಆಗುವುದಿಲ್ಲ, ಹೆಚ್ಚೆಂದರೆ ಒಂದೆರಡು ದಿನ ಭೇದಿ. ಗರ್ಭಿಣಿಗೆ ಮಾತ್ರ ಯಾಕೆ ಬೇರೆ? ಹೊಟ್ಟೆಯಲ್ಲಿರುವ ಮಗು ಅರ್ಧ ಅಪ್ಪನದು, ತಾಯಿಯ ದೇಹಕ್ಕೆ ಅದು ಅರ್ಧ ಪರಕೀಯ. ಅದನ್ನು ಹೊರಹಾಕದಿರಲಿ ಅಂತ ದೇಹದ ರಕ್ಷಣಾ ವ್ಯವಸ್ಥೆಯ ಒಂದು ಭಾಗ ಆ ತಿಂಗಳುಗಳಲ್ಲಿ ಕೈ ಸಡಿಲ ಬಿಡುತ್ತದೆ. ಜೀವಕೋಶಗಳ ಒಳಗೇ ಅಡಗಿ ಬದುಕುವ ಲಿಸ್ಟೀರಿಯಾವನ್ನು ಹಿಡಿಯಬೇಕಾಗಿದ್ದುದು ಅದೇ ಭಾಗ. ಸಾಲದ್ದಕ್ಕೆ ಈ ಬ್ಯಾಕ್ಟೀರಿಯಾಕ್ಕೆ ಮಾಸನ್ನು ದಾಟಿ ಮಗುವನ್ನು ಮುಟ್ಟುವ ಸಾಮರ್ಥ್ಯ ಇದೆ. ಉಳಿದ ಆರೋಗ್ಯವಂತ ವಯಸ್ಕರಿಗೆ ಹೋಲಿಸಿದರೆ ಗರ್ಭಿಣಿಗೆ ಲಿಸ್ಟೀರಿಯಾ ಕಾಯಿಲೆ ಬರುವ ಸಾಧ್ಯತೆ ಸುಮಾರು ಹತ್ತು ಪಟ್ಟು ಅಂತ ಅಮೆರಿಕದ ಸಿಡಿಸಿ ಹೇಳುತ್ತದೆ. ಹತ್ತು ಪಟ್ಟು ಅಂದರೂ ಅದು ಅಪರೂಪದ ಕಾಯಿಲೆಯೇ. ಆದರೆ ಬಂದಾಗ ತಾಯಿಗೆ ಸಣ್ಣ ಜ್ವರ, ಮೈಕೈ ನೋವು ಅಷ್ಟೇ ಇದ್ದು, ಗರ್ಭಪಾತ ಆಗುವುದು, ಮಗು ಹೊಟ್ಟೆಯಲ್ಲೇ ಹೋಗುವುದು, ಇಲ್ಲವೇ ಹುಟ್ಟುವಾಗಲೇ ರಕ್ತದ ಸೋಂಕು, ಮೆದುಳಿನ ಹೊದಿಕೆಯ ಸೋಂಕು ಇರುವುದು ನಡೆಯುತ್ತದೆ. ತಾಯಿಯ ಜ್ವರಕ್ಕೂ ಮಗುವಿಗೆ ಆಗುವ ಅಪಾಯಕ್ಕೂ ತಾಳೆಯೇ ಇಲ್ಲ. ನನಗೆ ಇದು ಬರೀ ಪಾಠದ ಮಾತಾಗಿ ಕಾಣದಿರುವುದು ಆ ಕಾರಣಕ್ಕೆ.

ಈಗ ಓದುಗರು ಕಳಿಸಿದ ಮೆನುವಿಗೆ ಬರೋಣ. ಸುಶಿ ಅಂದರೆ ಹಸಿ ಮೀನು ಅಂತಲ್ಲ, ಅದು ವಿನೆಗರ್ ಹಾಕಿದ ಅನ್ನದ ಹೆಸರು. ಅನ್ನ ಇಲ್ಲದೆ ಬರೀ ಹಸಿ ಮೀನಿನ ಹೋಳು ಕೊಟ್ಟರೆ ಅದು ಸಾಶಿಮಿ. ಹಾಗಾಗಿ ವಾರ್ಷಿಕೋತ್ಸವ ಕ್ಯಾನ್ಸಲ್ ಮಾಡಬೇಕಾಗಿಲ್ಲ.

ಸಾಲ್ಮನ್ ನಿಗಿರಿ, ಟ್ಯೂನಾ ಸಾಶಿಮಿ ಆಕೆಗೆ ಬೇಡ. ಸ್ಮೋಕ್ಡ್ ಸಾಲ್ಮನ್ ಮತ್ತು ಕ್ರೀಮ್ ಚೀಸ್ ಸುತ್ತಿದ ಫಿಲಡೆಲ್ಫಿಯಾ ರೋಲ್ ಖಂಡಿತ ಬೇಡ. ಇಕುರಾ ಅಂದರೆ ಸಾಲ್ಮನ್ ಮೊಟ್ಟೆ, ಉಪ್ಪು ಹಾಕಿದ್ದು ಬಿಟ್ಟರೆ ಹಸಿಯೇ, ಅದೂ ಬೇಡ. ಉನಾಗಿ ಅಂದರೆ ಸಾಸ್ ಸವರಿ ಕೆಂಡದ ಮೇಲೆ ಸುಟ್ಟ ಹಾವುಮೀನು, ಅದು ಪೂರ್ತಿ ಬೆಂದಿರುತ್ತದೆ. ಬಿಸಿ ಮಾಡಿ ಕೊಡಿ ಅಂತ ಹೇಳಿದರೆ ಇನ್ನೂ ಒಳ್ಳೆಯದು. ಸಿಗಡಿ ಟೆಂಪುರಾ ರೋಲ್‌ನ ಸಿಗಡಿ ಎಣ್ಣೆಯಲ್ಲಿ ಕರಿದದ್ದು, ಪರವಾಗಿಲ್ಲ. ಎಬಿ ನಿಗಿರಿಯ ಸಿಗಡಿ ಬೇಯಿಸಿದ್ದೇ, ಆದರೆ ಬೇಯಿಸಿ ತಣ್ಣಗೆ ಇಟ್ಟಿರುತ್ತಾರೆ. ನನ್ನ ತಂಗಿ ಕೇಳಿದ್ದರೆ, ಟೆಂಪುರಾ ಇರುವಾಗ ಇದು ಯಾಕೆ ಅನ್ನುತ್ತಿದ್ದೆ. ಕ್ಯಾಲಿಫೋರ್ನಿಯಾ ರೋಲ್‌ನ ‘ಏಡಿ’ ನಿಜದ ಏಡಿ ಅಲ್ಲ, ಮೀನಿನ ಹಿಟ್ಟಿನಿಂದ ಮಾಡಿ ಬೇಯಿಸಿದ ಕಡ್ಡಿ. ಅದು ಸರಿ, ಆದರೆ ಅದರ ಮೇಲೆ ಉದುರಿಸುವ ಕಿತ್ತಳೆ ಬಣ್ಣದ ಸಣ್ಣ ಮಣಿಗಳು ಮೀನಿನ ಹಸಿ ಮೊಟ್ಟೆ. ಎಲ್ಲರೂ ಮರೆಯುವುದು ಇದನ್ನೇ. ಅದನ್ನು ಹಾಕಬೇಡಿ ಅಂತ ಮೊದಲೇ ಹೇಳಿ. ಸೌತೆಕಾಯಿ, ಅವಕಾಡೊ ರೋಲ್, ಬಿಸಿ ಮಿಸೊ ಸೂಪ್ ಧಾರಾಳವಾಗಿ ಆಗಬಹುದು.

ಒಂದೇ ಅಡ್ಡಿ ಚಾಕು. ಹಸಿ ಸಾಲ್ಮನ್ ಕೊಯ್ದ ಮಣೆಯ ಮೇಲೇ ಸೌತೆಕಾಯಿ ರೋಲ್ ಕೊಯ್ದರೆ ಇಷ್ಟು ಆರಿಸಿದ್ದೂ ನೀರಲ್ಲಿ ಹೋಮ. ಇಲ್ಲಿ ನಮ್ಮ ಊರಿನ ಒಂದು ಅನುಕೂಲ ಬಳಸಿಕೊಳ್ಳಿ. ಶುದ್ಧ ಸಸ್ಯಾಹಾರಿಗಳು ಕೇಳಿ ಕೇಳಿ, ಬೆಂಗಳೂರಿನ ಬಹಳಷ್ಟು ಅಡುಗೆಮನೆಗಳಲ್ಲಿ ವೆಜ್‌ಗೆ ಬೇರೆ ಮಣೆ, ಬೇರೆ ಚಾಕು ಇರುತ್ತದೆ. ‘ಇವರು ಪ್ರೆಗ್ನೆಂಟ್, ಇವರದ್ದೆಲ್ಲ ವೆಜ್ ಮಣೆಯಲ್ಲಿ ಮಾಡಿಕೊಡಿ, ಸೋಯಾ ಸಾಸ್ ಬಟ್ಟಲೂ ಬೇರೆ ಇರಲಿ’ ಅಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ‘ಅಂಥ ವ್ಯವಸ್ಥೆ ಇಲ್ಲ’ ಅಂದರೆ ಆಕೆಗೆ ಬಿಸಿ ಬಿಸಿ ರಾಮೆನ್ ಹೇಳಿ.

‘ಅಯ್ಯೋ, ನಾನು ಹೋದ ತಿಂಗಳೇ ತಿಂದುಬಿಟ್ಟಿದ್ದೀನಲ್ಲ’ ಅಂತ ಯಾರಾದರೂ ಓದುತ್ತಿದ್ದರೆ, ಗಾಬರಿ ಬೇಡ. ತಿಂದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಲಕ್ಷಣ ಇಲ್ಲದವರಿಗೆ ಪರೀಕ್ಷೆಯಾಗಲಿ ಮಾತ್ರೆಯಾಗಲಿ ಬೇಕಿಲ್ಲ ಎಂದೇ ಪ್ರಸೂತಿ ತಜ್ಞರ ಸಂಘಟನೆಗಳ ಸಲಹೆ. ಆದರೆ ನೆನಪಿಡಬೇಕಾದ್ದು ಇದರ ಕಾಲಾವಧಿ. ಹೋಟೆಲ್ ಊಟ ಕೆಟ್ಟರೆ ಮರುದಿನವೇ ಗೊತ್ತಾಗುತ್ತೆ, ಲಿಸ್ಟೀರಿಯಾ ಹಾಗಲ್ಲ. ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರ, ಕೆಲವೊಮ್ಮೆ 70 ದಿನದವರೆಗೂ ತಡವಾಗಿ ಕಾಣಿಸಿಕೊಳ್ಳುತ್ತದೆ. ಆ ಎರಡು ತಿಂಗಳೊಳಗೆ ಕಾರಣ ಗೊತ್ತಿಲ್ಲದ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ‘ವೈರಲ್ ಇರಬೇಕು’ ಅಂತ ಡೋಲೋ ನುಂಗಿ ಮಲಗಬೇಡಿ. ಅದೇ ದಿನ ಡಾಕ್ಟರ ಬಳಿ ಹೋಗಿ, ‘ಇಂಥ ದಿನ ಸ್ಮೋಕ್ಡ್ ಮೀನು ತಿಂದಿದ್ದೆ, ಲಿಸ್ಟೀರಿಯಾ ಇರಬಹುದಾ?’ ಅಂತ ನೀವೇ ಬಾಯಿಬಿಟ್ಟು ಕೇಳಿ. ಹೇಳದಿದ್ದರೆ ಯಾರಿಗೂ ಹೊಳೆಯುವುದಿಲ್ಲ. ಪತ್ತೆ ಮಾಡುವುದು ರಕ್ತದ ಕಲ್ಚರ್‌ನಿಂದ. ಫಲಿತಾಂಶ ಬರುವವರೆಗೆ ಕಾಯದೆ ಆಂಪಿಸಿಲಿನ್ ಶುರುಮಾಡುವುದು ರೂಢಿ. ಹಳೆಯ, ಅಗ್ಗದ ಔಷಧಿ, ಬೇಗ ಕೊಟ್ಟರೆ ಮಗುವನ್ನು ಉಳಿಸುವ ಔಷಧಿ.

ಗರ್ಭಿಣಿಯರಿಗಾದರೂ ಯಾರಾದರೂ ಹೇಳುತ್ತಾರೆ. ಯಾರೂ ಹೇಳದೆ ಉಳಿಯುವವರು ಇನ್ನೊಬ್ಬರಿದ್ದಾರೆ, ಈ ಕಾಲಂ ಓದುವ ವಯಸ್ಸಿನವರೇ. ಸೋರಿಯಾಸಿಸ್, ರುಮಟಾಯ್ಡ್ ಸಂಧಿವಾತ, ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್‌ಗೆ ‘ಬಯಾಲಜಿಕ್’ ಇಂಜೆಕ್ಷನ್ ತಗೊಳ್ಳುವವರು. ನೋಡಲು ಗಟ್ಟಿಮುಟ್ಟು, ಬೆಳಗ್ಗೆ ಜಿಮ್, ಸಂಜೆ ಟೀಮ್ ಡಿನ್ನರ್. ತಾವು ರೋಗಿ ಅನ್ನುವುದೇ ಮರೆತುಹೋಗಿರುತ್ತೆ, ಇಂಜೆಕ್ಷನ್ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿರುತ್ತೆ. ಅಡಾಲಿಮುಮಾಬ್, ಇನ್‌ಫ್ಲಿಕ್ಸಿಮಾಬ್‌ನಂಥ ಔಷಧಿಗಳು ತಡೆಯುವುದು ಲಿಸ್ಟೀರಿಯಾವನ್ನು ಹಿಡಿದುಹಾಕಲು ದೇಹ ಬಳಸುವ ಒಂದು ಮುಖ್ಯ ಸಂದೇಶವನ್ನೇ. 2011ರಲ್ಲಿ ಎಫ್‌ಡಿಎ ಈ ಗುಂಪಿನ ಔಷಧಿಗಳ ಎಚ್ಚರಿಕೆ ಪಟ್ಟಿಗೆ ಲಿಸ್ಟೀರಿಯಾದ ಹೆಸರನ್ನು ಸೇರಿಸಿತು. ದೀರ್ಘಕಾಲ ಸ್ಟೀರಾಯ್ಡ್ ನುಂಗುವವರು, ಕಿಡ್ನಿ ಕಸಿ ಆದವರು, ಕೀಮೋ ನಡೆಯುತ್ತಿರುವವರು ಇದೇ ಸಾಲಿನಲ್ಲಿ ಬರುತ್ತಾರೆ. ಇವರ ಮಟ್ಟಿಗೂ ಮೇಲಿನ ಮೆನುವೇ ಅನ್ವಯ. 65 ದಾಟಿದ ಅಪ್ಪ ಅಮ್ಮನನ್ನು ಮೊದಲ ಸಂಬಳದಲ್ಲಿ ಸುಶಿ ತಿನ್ನಿಸಲು ಕರೆದೊಯ್ಯುವವರೂ ನೆನಪಿಡಿ. ಐದು ವರ್ಷದೊಳಗಿನ ಮಕ್ಕಳಿಗೂ ಉನಾಗಿ, ಟೆಂಪುರಾ, ಸೌತೆಕಾಯಿ ಸಾಕು.

ಲಿವರ್ ತೊಂದರೆ ಇರುವವರ ಕಥೆ ಬೇರೆ, ಅವರ ಶತ್ರು ಬೇರೆ. ಅದು ವಿಬ್ರಿಯೋ ವಲ್ನಿಫಿಕಸ್, ಬೆಚ್ಚಗಿನ ಸಮುದ್ರದ ನೀರಿನಲ್ಲಿರುವ ಬ್ಯಾಕ್ಟೀರಿಯಾ. ಆಯ್‌ಸ್ಟರ್ ದಿನವಿಡೀ ನೀರು ಸೋಸಿ ಬದುಕುವ ಪ್ರಾಣಿ, ಸೋಸುತ್ತಾ ಇದನ್ನು ಒಳಗೆ ಗುಡ್ಡೆ ಹಾಕಿಕೊಳ್ಳುತ್ತದೆ. ಚಿಪ್ಪು ತೆರೆದು ನಿಂಬೆ ಹಿಂಡಿ ಹಸಿಯಾಗಿ ನುಂಗಿದರೆ, ಆರೋಗ್ಯವಂತರು ಹೆಚ್ಚಿನ ಸಲ ಹೊಟ್ಟೆಕೆಟ್ಟು ಸುಧಾರಿಸಿಕೊಳ್ಳುತ್ತಾರೆ. ಸಿರೋಸಿಸ್ ಇರುವವರಲ್ಲಿ ಅದು ನೇರ ರಕ್ತಕ್ಕೆ ಇಳಿಯಬಹುದು. ದೇಹದಲ್ಲಿ ಕಬ್ಬಿಣದ ಅಂಶ ವಿಪರೀತ ಶೇಖರವಾಗುವ ಕಾಯಿಲೆ ಇರುವವರಿಗೂ ಇದೇ ಭಯ, ಈ ಬ್ಯಾಕ್ಟೀರಿಯಾಕ್ಕೆ ಕಬ್ಬಿಣ ಅಂದರೆ ಗೊಬ್ಬರ. ಒಂದೆರಡು ದಿನದಲ್ಲೇ ಚಳಿಜ್ವರ, ಕಾಲಿನ ಮೇಲೆ ರಕ್ತ ತುಂಬಿದ ಗುಳ್ಳೆ. ವಿಬ್ರಿಯೋ ವಲ್ನಿಫಿಕಸ್ ಸೋಂಕು ತಗುಲಿದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಸಾಯುತ್ತಾರೆ. ‘ಜೊತೆಗೆ ವಿಸ್ಕಿ ಹಾಕಿದರೆ ಎಲ್ಲ ಸಾಯುತ್ತೆ’ ಅನ್ನುವ ಗೆಳೆಯ ಪ್ರತಿ ಟೇಬಲ್‌ನಲ್ಲೂ ಒಬ್ಬ ಇರುತ್ತಾನೆ. ವಿಸ್ಕಿಯಿಂದ ವಿಬ್ರಿಯೋ ಸಾಯುವುದಿಲ್ಲ. ಲಿವರ್ ರಿಪೋರ್ಟ್ ಕೆಟ್ಟಿರುವವರು ಮರುವಾಯಿ, ಆಯ್‌ಸ್ಟರ್ ಎಲ್ಲವನ್ನೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಕೊನೆಗೆ, ಇನ್ನೊಬ್ಬರು ಕೇಳಿದ್ದು. ‘ಮನೆಯ ಹತ್ತಿರದ ಅಂಗಡಿಯಲ್ಲಿ ತೊಟ್ಟಿಯಿಂದ ಜೀವಂತ ರೋಹು, ತಿಲಾಪಿಯ ಹಿಡಿದು ಕೊಡುತ್ತಾರೆ. ಇದಕ್ಕಿಂತ ಫ್ರೆಶ್ ಎಲ್ಲಿ ಸಿಗುತ್ತೆ? ಇದರಲ್ಲೇ ಸುಶಿ ಮಾಡಬಹುದಾ?’

ಮಾಡಬೇಡಿ, ಗರ್ಭಿಣಿ ಇರಲಿ ಪೈಲ್ವಾನ್ ಇರಲಿ. ಸಿಂಗಾಪುರದಲ್ಲಿ ಗಂಜಿಯ ಜೊತೆ ಸಿಹಿನೀರಿನ ಹಸಿ ಮೀನಿನ ತೆಳು ಹೋಳು, ಮೇಲೆ ಎಳ್ಳೆಣ್ಣೆ ಮತ್ತು ನಿಂಬೆ ಹಾಕಿ ಕೊಡುವ ರೂಢಿ ಇತ್ತು. 2015ರಲ್ಲಿ ಅದನ್ನು ತಿಂದ ಹಲವರು ರಕ್ತದ ಸೋಂಕು, ಮೆದುಳಿನ ಹೊದಿಕೆಯ ಸೋಂಕು, ಕೀಲಿನ ಸೋಂಕಿನಿಂದ ಆಸ್ಪತ್ರೆ ಸೇರಿದರು. ಕಾರಣ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್‌ನ ಎಸ್‌ಟಿ 283 ಎಂಬ ತಳಿ. ಬೇರೆ ಯಾವ ಕಾಯಿಲೆಯೂ ಇಲ್ಲದ ವಯಸ್ಕರೂ ಅವರಲ್ಲಿದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಿಂಗಾಪುರ ಸರ್ಕಾರ ಹೋಟೆಲ್, ಅಂಗಡಿಗಳಲ್ಲಿ ಸಿಹಿನೀರಿನ ಮೀನನ್ನು ಹಸಿಯಾಗಿ ಕೊಡುವುದನ್ನು ನಿಷೇಧಿಸಿತು. ತೊಟ್ಟಿಯಿಂದ ಎದ್ದ ರೋಹು ನಿಜಕ್ಕೂ ತಾಜಾನೇ, ಅದಕ್ಕೆ ಹುಣಸೆಹುಳಿ, ಬ್ಯಾಡಗಿ ಮೆಣಸು ಹಾಕಿ ಕುದಿಸಿ. ಮನೆಯಲ್ಲೇ ಸುಶಿ ಆಗಬೇಕು ಅಂತಿದ್ದರೆ ಅನ್ನ ಕಲಸಿ, ಒಳಗೆ ಸೌತೆಕಾಯಿಯನ್ನೋ ತವಾದಲ್ಲಿ ಹುರಿದ ಅಂಜಲ್ ತುಂಡನ್ನೋ ಇಟ್ಟು ಸುತ್ತಿ. ಅಂಜಲ್ ರೋಲ್ ನಾನೇ ಮಾಡಿದ್ದೇನೆ, ಚೆನ್ನಾಗಿರುತ್ತೆ.